ಅಮೆರಿಕದಿಂದ ಬಂದ ಕುಕ್ಕರ್‌ಗೆ ನಮ್ಮನೆ ಕರೆಂಟ್ ಆಗುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ ಇದೆ. ವರ್ಷವೆಲ್ಲ ಮಿಕ್ಸಿ, ಗ್ರೈಂಡರ್, ಇಂಡಕ್ಷನ್ ಒಲೆ ಇವೇ ಜಾಸ್ತಿ. ಡಿಸೆಂಬರ್ ರಜೆ ಮುಗಿದು ಮಕ್ಕಳು ಅಮೆರಿಕಕ್ಕೆ ವಾಪಸ್ ಹೋದ ಮೇಲೆ ಮಾತ್ರ ಬೇರೆ ಥರದ ಸಾಮಾನು ಬರುತ್ತದೆ. ಹೊಳೆಯುವ ಕುಕ್ಕರ್, ಕಾಫಿ ಮೇಕರ್, ಹಿಟ್ಟು ಕಲೆಸುವ ಮಿಕ್ಸರ್. ಹೆಚ್ಚಿನವು ಒಂದೇ ಒಂದು ಸಲ ಆನ್ ಆಗಿರುತ್ತವೆ, ಅಷ್ಟೇ. ತಂದವರು ಕೇಳುವ ಪ್ರಶ್ನೆಗಳೂ ಹೆಚ್ಚು ಕಡಿಮೆ ಅವೇ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಪಿನ್ ಬದಲಾಯಿಸಿದರೆ ಸಾಕಲ್ವಾ?

ಕೆಲವಕ್ಕೆ ಸಾಕು. ಅಮೆರಿಕದ ಸಾಮಾನಿಗೆ ಬಹಳ ಸಲ ಸಾಲದು.

ನಮ್ಮ ಮನೆಗೆ ಬರುವುದು 230 ವೋಲ್ಟ್, 50 ಹರ್ಟ್ಜ್. ಅಮೆರಿಕ, ಕೆನಡಾದಲ್ಲಿ 120 ವೋಲ್ಟ್, 60 ಹರ್ಟ್ಜ್. ಜಪಾನ್‌ನಲ್ಲಿ ಇನ್ನೂ ಕಡಿಮೆ, 100 ವೋಲ್ಟ್. ಇಂಗ್ಲೆಂಡ್, ದುಬೈ, ಸಿಂಗಪುರ, ಆಸ್ಟ್ರೇಲಿಯಾದಲ್ಲಿ ವೋಲ್ಟೇಜ್ ನಮ್ಮದರ ಹತ್ತಿರವೇ ಇರುತ್ತದೆ, ಪಿನ್ನಿನ ಆಕಾರ ಮಾತ್ರ ಬೇರೆ. ಹಾಗಾಗಿ ದುಬೈನಿಂದ ಬಂದ ಇಸ್ತ್ರಿಪೆಟ್ಟಿಗೆಗೆ ಪಿನ್ನಿನ ಸಮಸ್ಯೆ, ಅಮೆರಿಕದಿಂದ ಬಂದ ಇಸ್ತ್ರಿಪೆಟ್ಟಿಗೆಗೆ ಕರೆಂಟಿನ ಸಮಸ್ಯೆ. ಎರಡೂ ಒಂದೇ ಅಲ್ಲ.

ವಿಮಾನ ನಿಲ್ದಾಣದಲ್ಲಿ ಸಿಗುವ ಬಿಳಿ ಅಡಾಪ್ಟರ್ ಇದೆಯಲ್ಲ, ಅದರೊಳಗೆ ಹಿತ್ತಾಳೆ ಪಟ್ಟಿಗಳನ್ನು ಬಿಟ್ಟರೆ ಏನೂ ಇಲ್ಲ. ಅದು ಆಕಾರ ಬದಲಾಯಿಸುತ್ತದೆ, ವೋಲ್ಟೇಜ್ ಇಳಿಸುವುದಿಲ್ಲ. ಪಿನ್ ಸಲೀಸಾಗಿ ಒಳಗೆ ಹೋಯಿತು ಅಂತ ಧೈರ್ಯ ಮಾಡಿದವರೇ ನನ್ನ ಅಂಗಡಿಗೆ ಜಾಸ್ತಿ ಬರುವುದು.

ಆಗುತ್ತದೋ ಇಲ್ಲವೋ ಅಂತ ಎಲ್ಲಿ ನೋಡಿ ತಿಳಿಯಬೇಕು?

ಸಾಮಾನನ್ನು ಬೋರಲು ಹಾಕಿ. ತಳದಲ್ಲೋ ಹಿಂಬದಿಯಲ್ಲೋ ಒಂದು ಸ್ಟಿಕ್ಕರ್ ಅಥವಾ ತಗಡಿನ ಪಟ್ಟಿ ಇರುತ್ತದೆ. ಚಾರ್ಜರ್ ಆದರೆ ಗೋಡೆಗೆ ಸಿಕ್ಕಿಸುವ ದಪ್ಪ ತುದಿಯ ಮೇಲೇ ಅಚ್ಚಾಗಿರುತ್ತದೆ. ಅಕ್ಷರ ಇರುವೆ ಗಾತ್ರ. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ಹೀಗಿದ್ದರೆ ಚಿಂತೆ ಇಲ್ಲ:

```
INPUT: 100-240V~ 50/60Hz
```

ಅಂದರೆ 100ರಿಂದ 240ರವರೆಗೆ ಯಾವ ಕರೆಂಟ್ ಕೊಟ್ಟರೂ ತಾನೇ ಹೊಂದಿಸಿಕೊಳ್ಳುತ್ತದೆ. ಫೋನ್, ಲ್ಯಾಪ್‌ಟಾಪ್, ಕ್ಯಾಮೆರಾ ಚಾರ್ಜರ್‌ಗಳು ಈಗ ಬಹುತೇಕ ಹೀಗೇ ಇರುತ್ತವೆ. ಇವಕ್ಕೆ ಪಿನ್ ಅಡಾಪ್ಟರ್ ಒಂದೇ ಸಾಕು. ಆದರೆ ಹೀಗಿದ್ದರೆ ಅಲ್ಲೇ ನಿಲ್ಲಿ:

```
120V~ 60Hz 1000W
```

ಇದು ಅಲ್ಲಿನ ಕರೆಂಟಿಗೆ ಮಾತ್ರ. ನಡುವೆ ಗೆರೆ ಹಾಕಿ ಎರಡು ಸಂಖ್ಯೆ ಕೊಟ್ಟಿಲ್ಲ ಅನ್ನುವುದನ್ನು ಗಮನಿಸಿ.

ಮೂರನೇ ಜಾತಿಯೂ ಒಂದಿದೆ. ಪ್ರವಾಸಕ್ಕೆಂದೇ ಮಾಡಿದ ಕೆಲವು ಹೇರ್ ಡ್ರೈಯರ್‌ಗಳಲ್ಲಿ ಒಂದು ಸಣ್ಣ ತಿರುಗಣೆ ಇರುತ್ತದೆ, ಒಂದು ಕಡೆ 125, ಇನ್ನೊಂದು ಕಡೆ 250 ಅಂತ. ನಾಣ್ಯದ ಅಂಚಿನಿಂದ ಅದನ್ನು 250ಕ್ಕೆ ತಿರುಗಿಸಿದ ಮೇಲೆಯೇ ಪಿನ್ ಹಾಕಬೇಕು. ವಾಪಸ್ ಅಮೆರಿಕಕ್ಕೆ ಹೋದಾಗ ಮತ್ತೆ 125ಕ್ಕೆ ತರಬೇಕು. ಮರೆತರೆ ಅಲ್ಲಿ ಬರೀ ತಣ್ಣನೆ ಗಾಳಿ ಬರುತ್ತದೆ, ಅಷ್ಟೇ. ಇಲ್ಲಿ ಮರೆತರೆ ಕೂದಲು ಸುಟ್ಟ ವಾಸನೆ ಬರುತ್ತದೆ.

120 ವೋಲ್ಟಿನ ಕುಕ್ಕರ್ ಹಾಕಿಬಿಟ್ಟೆ, "ಡಬ್" ಅಂತು. ಈಗ?

ಮೊದಲು ಸ್ವಿಚ್ ಆಫ್ ಮಾಡಿ, ಪಿನ್ ಕಿತ್ತಿಡಿ. ಇನ್ನೊಂದು ಸಲ ಹಾಕಿ ನೋಡಬೇಡಿ. ಈ "ಇನ್ನೊಂದು ಸಲ"ದಿಂದಲೇ ಸಣ್ಣ ರಿಪೇರಿ ದೊಡ್ಡದಾಗುತ್ತದೆ.

ಹೋದ ವರ್ಷ ನಡೆದದ್ದು ಹೇಳುತ್ತೇನೆ. ಕುವೆಂಪುನಗರದ ಒಬ್ಬರು ಅಮ್ಮ ಆರು ಲೀಟರಿನ ಎಲೆಕ್ಟ್ರಿಕ್ ಪ್ರೆಷರ್ ಕುಕ್ಕರ್ ಹಿಡಿದುಕೊಂಡು ಬಂದರು. ಮಗಳು ಬಿಟ್ಟುಹೋದದ್ದು. ಅವರು ಅಡಾಪ್ಟರ್ ಹಾಕಿರಲಿಲ್ಲ. ಈ ಕುಕ್ಕರ್‌ನ ವೈರ್ ಬಿಚ್ಚಿ ತೆಗೆಯುವಂಥದ್ದು, ಮಗಳು ಅದನ್ನು ಅಲ್ಲೇ ಮರೆತಿದ್ದಳು. ಇವರ ಹಳೇ ರೈಸ್ ಕುಕ್ಕರ್‌ನ ವೈರ್ ತೆಗೆದು ಸಿಕ್ಕಿಸಿದರೆ, ನೋಡಿದರೆ ಸರಿಯಾಗಿ ಕೂತಿತು! "ಹೇಳಿ ಮಾಡಿಸಿದ ಹಾಗೆ ಕೂತಿತಪ್ಪ, ಅದಕ್ಕೇ ಹಾಕಿದೆ" ಅಂದರು. ತಪ್ಪು ಅವರದಲ್ಲ. ಸಾಮಾನಿನ ಕಡೆಯ ತುದಿಯ ಅಳತೆ ಬಹಳ ದೇಶಗಳಲ್ಲಿ ಒಂದೇ. ನಮ್ಮ ಕಂಪ್ಯೂಟರ್ ವೈರ್ ಕೂಡ ಅಲ್ಲಿನ ಎಷ್ಟೋ ಸಾಮಾನಿಗೆ ಹೊಂದುತ್ತದೆ. ಹಾಗೆ ಹೊಂದುವುದರಿಂದಲೇ ಅಪಾಯ.

ನಾನು ಕೇಳಿದ ಪ್ರಶ್ನೆ ಒಂದೇ. "ಪಿನ್ ಹಾಕಿದ ಕೂಡಲೇ ಸದ್ದು ಬಂತಾ, ಇಲ್ಲಾ ಬಟನ್ ಒತ್ತಿದ ಮೇಲಾ?" ಹಾಕಿದ ಕೂಡಲೇ ಅಂದರು. ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಇಂಥ ಕುಕ್ಕರ್‌ನಲ್ಲಿ ಬಟನ್ ಒತ್ತುವವರೆಗೆ ಹೀಟರ್ ಪ್ಲೇಟಿಗೆ ಕರೆಂಟ್ ಹೋಗುವುದಿಲ್ಲ. ಮೊದಲು ಕರೆಂಟ್ ಕಾಣುವುದು ಕಂಟ್ರೋಲ್ ಬೋರ್ಡ್. ಅಂದರೆ ಪೆಟ್ಟು ಬೋರ್ಡಿಗೆ, ಪ್ಲೇಟ್ ಉಳಿದಿರಬಹುದು.

ತಳದ ಸ್ಕ್ರೂ ಬಿಚ್ಚಿದೆ. ಸುಟ್ಟ ವಾಸನೆ ಮೂಗಿಗೆ ಬಡಿಯಿತು. ವೈರ್ ಬಂದು ಸೇರುವ ಜಾಗದಲ್ಲಿ ನಮ್ಮ ಹಳೇ ನಾಲ್ಕಾಣೆ ಬಿಲ್ಲೆಯಷ್ಟು ದೊಡ್ಡ ನೀಲಿ ಬಿಲ್ಲೆ ಎರಡಾಗಿ ಸೀಳಿತ್ತು, ಸುತ್ತ ಮಸಿ. ಇದಕ್ಕೆ ವೇರಿಸ್ಟರ್ ಅನ್ನುತ್ತಾರೆ. ವೋಲ್ಟೇಜ್ ಮಿತಿ ಮೀರಿದರೆ ಇದು ತಾನು ಶಾರ್ಟ್ ಆಗಿ, ಪಕ್ಕದ ಫ್ಯೂಸ್ ಹಾರುವಂತೆ ಮಾಡುತ್ತದೆ. ಅಂದರೆ ಬೋರ್ಡಿನ ಉಳಿದ ಭಾಗಕ್ಕಾಗಿ ತನ್ನನ್ನೇ ಬಲಿ ಕೊಡುತ್ತದೆ. ಫ್ಯೂಸ್ ಒಳಗೂ ಕಪ್ಪಾಗಿತ್ತು. ಎರಡನ್ನೂ ಅದೇ ಅಳತೆಯದು ಹಾಕಿ, ಬಲ್ಬನ್ನು ಸೀರೀಸ್‌ನಲ್ಲಿ ಇಟ್ಟು, ಅಂಗಡಿಯ ಟ್ರಾನ್ಸ್‌ಫಾರ್ಮರಿನಿಂದ 120 ವೋಲ್ಟ್ ಕೊಟ್ಟೆ. ಬಲ್ಬ್ ಒಮ್ಮೆ ಮಿಣುಕಿ ಆರಿತು, ಕುಕ್ಕರ್‌ನ ಡಿಸ್‌ಪ್ಲೇ ಬಂತು. ಬಲ್ಬ್ ಪೂರ್ತಿ ಉರಿದಿದ್ದರೆ ಒಳಗೆ ಇನ್ನೂ ಶಾರ್ಟ್ ಇದೆ ಅಂತ ಅರ್ಥ.

ಎಲ್ಲರಿಗೂ ಇಷ್ಟು ಅದೃಷ್ಟ ಇರುವುದಿಲ್ಲ. ಬೋರ್ಡಿನ ದೊಡ್ಡ ಕೆಪಾಸಿಟರ್ 200 ವೋಲ್ಟಿನದಾಗಿದ್ದು, ನಮ್ಮ ಕರೆಂಟ್ ಅದಕ್ಕೆ 325 ವೋಲ್ಟ್ ತೋರಿಸಿದರೆ ಅದು ಉಬ್ಬುತ್ತದೆ ಅಥವಾ ಒಡೆಯುತ್ತದೆ. ಜೊತೆಗೆ ಚಿಪ್ ಕೂಡ ಹೋಗುತ್ತದೆ. ಆಗ ಹೊಸ ಬೋರ್ಡೇ ಬೇಕು, ಅದು ಇಲ್ಲಿ ಸಿಗುವುದು ಕಷ್ಟ.

ಬೋರ್ಡ್ ಇಲ್ಲದ, ಬರೀ ಒಂದು ಸ್ವಿಚ್ ಇರುವ ರೈಸ್ ಕುಕ್ಕರ್ ಆದರೆ?

ಅದರಲ್ಲಿ ತಡೆಯುವವರೇ ಇಲ್ಲ. ಸ್ವಿಚ್ ಒತ್ತಿದ ಕೂಡಲೇ ಹೀಟರಿಗೆ ನೇರ 230 ವೋಲ್ಟ್. ವೋಲ್ಟೇಜ್ ಸುಮಾರು ಎರಡು ಪಟ್ಟು ಆದರೆ ಶಾಖ ಎರಡು ಪಟ್ಟಲ್ಲ, ನಾಲ್ಕು ಪಟ್ಟಿನ ಹತ್ತಿರ. 1000 ವ್ಯಾಟ್ ಹೀಟರಿನ ಲೆಕ್ಕ ನೋಡಿ, R ಅಂದರೆ ಹೀಟರಿನ ತಡೆ, P ಅಂದರೆ ವ್ಯಾಟ್, I ಅಂದರೆ ಹರಿಯುವ ಆಂಪಿಯರ್:

```
R = 120 × 120 / 1000 = 14.4 Ω
P = 230 × 230 / 14.4 ≈ 3670 W
I = 230 / 14.4 ≈ 16 A
```

ಒಂದು ದೊಡ್ಡ ಗೀಸರ್ ಎಳೆಯುವುದಕ್ಕಿಂತ ಜಾಸ್ತಿ ಕರೆಂಟು ಅಕ್ಕಿ ಬೇಯಿಸುವ ಪಾತ್ರೆಯಲ್ಲಿ! ಎಂಸಿಬಿ ಬೀಳುತ್ತದಲ್ಲ ಅಂತ ನಂಬಬೇಡಿ. 16 ಆಂಪಿಯರ್ ಲೈನಿನಲ್ಲಿ 16 ಆಂಪಿಯರ್ ಹರಿದರೆ ಎಂಸಿಬಿಗೆ ಅದು ತಪ್ಪೇ ಅಲ್ಲ. ಸಣ್ಣ ಲೈನ್ ಆದರೂ ತಕ್ಷಣ ಬೀಳುವುದಿಲ್ಲ. ಅಷ್ಟರಲ್ಲಿ, ಅತಿಯಾಗಿ ಬಿಸಿಯಾದರೆ ಕಡಿಯಲೆಂದೇ ಕುಕ್ಕರ್ ಒಳಗೆ ಇಟ್ಟಿರುವ ಥರ್ಮಲ್ ಫ್ಯೂಸ್ ಕಡಿದುಹೋದರೆ ನಿಮ್ಮ ಪುಣ್ಯ.

ಕೆಲವು ಮೆಕ್ಯಾನಿಕ್‌ಗಳು ಆ ಥರ್ಮಲ್ ಫ್ಯೂಸ್ ತೆಗೆದು ವೈರ್ ಜೋಡಿಸಿ "ಸರಿಯಾಯ್ತು" ಅಂತ ಕೊಡುತ್ತಾರೆ. ದಯವಿಟ್ಟು ಒಪ್ಪಬೇಡಿ. ಅದು ಬೆಂಕಿಯನ್ನು ತಡೆಯುವ ಕೊನೇ ಬಾಗಿಲು.

ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ತಗೊಂಡರೆ ಎಲ್ಲ ಸರಿಹೋಗುತ್ತಾ? ಎಷ್ಟು ದೊಡ್ಡದು ಬೇಕು?

ವೋಲ್ಟೇಜ್ ಸರಿಹೋಗುತ್ತದೆ. ದುಡ್ಡು, ಜಾಗ, ಭಾರ ಇವು ಹೊಸ ತಲೆನೋವು.

ಹೀಟರ್ ಮಾತ್ರ ಇರುವ ಸಾಮಾನಿಗೆ ಅದರ ವ್ಯಾಟ್‌ನ ಒಂದೂವರೆ ಪಟ್ಟು ಇಟ್ಟುಕೊಳ್ಳಿ ಅಂತ ನಾನು ಹೇಳುತ್ತೇನೆ. 1000 ವ್ಯಾಟ್ ಕುಕ್ಕರ್‌ಗೆ 1500 ವಿಎ. ಟ್ರಾನ್ಸ್‌ಫಾರ್ಮರ್ ಎಷ್ಟು ಹೊರೆ ತಡೆಯುತ್ತದೆ ಅನ್ನುವುದರ ಅಳತೆಯೇ ವಿಎ. ಮೋಟಾರ್ ಇದ್ದರೆ ಸ್ಟಾರ್ಟ್ ಆಗುವಾಗ ಒಮ್ಮೆಲೇ ಜಾಸ್ತಿ ಎಳೆಯುತ್ತದೆ, ಅದಕ್ಕೆ ಮೂರು ಪಟ್ಟು. 325 ವ್ಯಾಟಿನ ಹಿಟ್ಟು ಕಲೆಸುವ ಮಿಕ್ಸರ್‌ಗೆ 1000 ವಿಎ ಇದ್ದರೆ ಚಪಾತಿ ಹಿಟ್ಟು ಗಟ್ಟಿಯಾದಾಗಲೂ ಉಸಿರು ಕಟ್ಟುವುದಿಲ್ಲ.

ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಹುಡುಕಿದರೆ ಸಿಗುತ್ತವೆ, ಸುತ್ತಿಸಿಯೂ ಕೊಡುತ್ತಾರೆ. ಕೊಳ್ಳುವಾಗ ಮೊದಲು ಎತ್ತಿ ನೋಡಿ. 1500 ವಿಎ ಅಂತ ಬರೆದು ಒಂದು ಕೈಯಲ್ಲಿ ಆಟದ ಸಾಮಾನಿನ ಹಾಗೆ ಎತ್ತುವಂತಿದ್ದರೆ ಬರಹ ಸುಳ್ಳು. ಕಬ್ಬಿಣ ಮತ್ತು ತಾಮ್ರಕ್ಕೆ ಭಾರ ಇರಲೇಬೇಕು. ಸುತ್ತಿರುವುದು ತಾಮ್ರವಾ ಅಲ್ಯುಮಿನಿಯಮ್ಮಾ ಕೇಳಿ, ಬಿಲ್ಲಿನಲ್ಲಿ ಬರೆಸಿ. ಅಂಗಡಿಯಲ್ಲೇ ಮಲ್ಟಿಮೀಟರ್ ಇಟ್ಟು ಔಟ್‌ಪುಟ್ ಎಷ್ಟು ಅಂತ ನೋಡಿ. 110 ಬಂದರೆ 1000 ವ್ಯಾಟ್ ಕುಕ್ಕರ್ ಸುಮಾರು 840 ವ್ಯಾಟಿನಂತೆ ಕೆಲಸ ಮಾಡುತ್ತದೆ. ಅನ್ನ ಸ್ವಲ್ಪ ನಿಧಾನ ಆಗುತ್ತದೆ, ತೊಂದರೆ ಇಲ್ಲ.

ಇನ್ನೊಂದು ವಿಷಯ ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಅಗ್ಗದ್ದು ಬಹುತೇಕ ಆಟೋ ಟ್ರಾನ್ಸ್‌ಫಾರ್ಮರ್. ಅದರಲ್ಲಿ ಎರಡು ಬೇರೆ ಸುತ್ತು ಇರುವುದಿಲ್ಲ, ಒಂದೇ ಸುತ್ತಿನ ನಡುವಿನಿಂದ 110 ತೆಗೆದಿರುತ್ತಾರೆ. ಕೆಳಗಿನ ಸುತ್ತು ಕಡಿದುಹೋದರೆ 230 ನೇರ ನಿಮ್ಮ ಸಾಮಾನಿಗೆ ಹೋಗಬಹುದು. ಕುಕ್ಕರ್‌ಗೆ ಅದನ್ನು ಒಪ್ಪಬಹುದು. ಬೆಲೆಬಾಳುವ ಆಡಿಯೋ ಸೆಟ್ಟಿಗೆ ಆದರೆ ಎರಡು ಸುತ್ತಿನ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಕೇಳಿ. ಅದು ಇನ್ನೂ ಭಾರ, ಇನ್ನೂ ದುಬಾರಿ.

ಮನೆಗೆ ತಂದು ಮೊದಲ ದಿನ ಅರ್ಧ ಗಂಟೆ ಓಡಿಸಿ, ಅದರ ಹೊರಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಟ್ಟುಕೊಳ್ಳಲು ಆಗದಷ್ಟು ಬಿಸಿ ಆದರೆ ಅಥವಾ ವಾರ್ನಿಷ್ ವಾಸನೆ ಬಂದರೆ ಸಾಮಾನು ಅದಕ್ಕೆ ಹೊರೆಯಾಗಿದೆ. ಕೆಲಸ ಮುಗಿದ ಮೇಲೆ ಟ್ರಾನ್ಸ್‌ಫಾರ್ಮರಿನ ಸ್ವಿಚ್ಚನ್ನೂ ಆಫ್ ಮಾಡಿ. ಸುಮ್ನೆ ನಿಂತಿದ್ದರೂ ಅದು ಸ್ವಲ್ಪ ಕರೆಂಟ್ ತಿನ್ನುತ್ತಲೇ ಇರುತ್ತದೆ.

ಕುವೆಂಪುನಗರದ ಅಮ್ಮನಿಗೆ ಈ ಲೆಕ್ಕವೆಲ್ಲ ಹೇಳಿದೆ. ಟ್ರಾನ್ಸ್‌ಫಾರ್ಮರ್ ದುಡ್ಡಿನ ಹತ್ತಿರ ಹತ್ತಿರಕ್ಕೆ ಇಲ್ಲಿನ 230 ವೋಲ್ಟಿನ ಕುಕ್ಕರೇ ಬರುತ್ತದೆ. ಅವರು ಯೋಚನೆ ಮಾಡಿ, "ಹಾಗಾದ್ರೆ ಮುಂದಿನ ಸಲ ಬಂದಾಗ ಅವಳೇ ವಾಪಸ್ ತಗೊಂಡು ಹೋಗಲಿ ಬಿಡಿ" ಅಂದರು. ನನ್ನ ಅಭಿಪ್ರಾಯವೂ ಅದೇ. ಬಿಸಿ ಮಾಡುವ ಸಾಮಾನನ್ನು ಅಮೆರಿಕದಿಂದ ಹೊತ್ತು ತರುವುದರಲ್ಲಿ ಅರ್ಥ ಇಲ್ಲ.

ನನ್ನ ಹತ್ತಿರ ಅಂಗೈ ಅಗಲದ ಕನ್ವರ್ಟರ್ ಇದೆ. ಅದರ ಮೇಲೆ 2000 ವ್ಯಾಟ್ ಅಂತ ಬರೆದಿದೆ. ಅದು ಆಗಲ್ವಾ?

ಅದು ಟ್ರಾನ್ಸ್‌ಫಾರ್ಮರ್ ಅಲ್ಲ. ಫ್ಯಾನ್ ರೆಗ್ಯುಲೇಟರ್ ಇದೆಯಲ್ಲ, ಅದರ ದೊಡ್ಡಣ್ಣ. ಕರೆಂಟಿನ ಅಲೆಯನ್ನು ಕತ್ತರಿಸಿ ಕತ್ತರಿಸಿ ಕಳಿಸುತ್ತದೆ. ಬರೀ ಕಾಯಿಲ್ ಇರುವ ಇಸ್ತ್ರಿಪೆಟ್ಟಿಗೆಗೆ ಹೋಟೆಲಿನಲ್ಲಿ ಹತ್ತು ನಿಮಿಷ ಓಕೆ. ಮೋಟಾರ್, ಡಿಸ್‌ಪ್ಲೇ, ಟೈಮರ್ ಇರುವ ಯಾವುದಕ್ಕೂ ಬೇಡ.

60 ಹರ್ಟ್ಜ್ ಅಂತ ಇದೆಯಲ್ಲ, ಅದರಿಂದ ಏನಾದರೂ ತೊಂದರೆ ಇದೆಯಾ?

ಹೀಟರಿಗೆ ಏನೂ ಇಲ್ಲ. ಕಾರ್ಬನ್ ಬ್ರಷ್ ಇರುವ ಮಿಕ್ಸಿ, ಡ್ರಿಲ್ ಥರದ ಮೋಟಾರಿಗೂ ಇಲ್ಲ. ಚಾರ್ಜರ್‌ಗೂ ಇಲ್ಲ. ತೊಂದರೆ ಇರುವುದು ಮುಖ್ಯವಾಗಿ ಬ್ರಷ್ ಇಲ್ಲದೆ, ಗೋಡೆಯ ಕರೆಂಟಿನಲ್ಲೇ ತಿರುಗುವ ಇಂಡಕ್ಷನ್ ಮೋಟಾರಿಗೆ. ಅಂದರೆ ಹಳೇ ಥರದ ಫ್ರಿಜ್, ವಾಷಿಂಗ್ ಮಷಿನ್, ಟೇಬಲ್ ಫ್ಯಾನ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆಯೇ ಹೊರತು ಹರ್ಟ್ಜ್ ಬದಲಾಯಿಸುವುದಿಲ್ಲ. ಹಾಗಾಗಿ ಮೋಟಾರ್ ಆರರಲ್ಲಿ ಐದು ಪಾಲು ವೇಗದಲ್ಲಿ ತಿರುಗುತ್ತದೆ, ಮೇಲಾಗಿ ಬಿಸಿಯೂ ಜಾಸ್ತಿ ಆಗುತ್ತದೆ.

ಒಂದು ತಮಾಷೆ ಇದೆ. ಕರೆಂಟಿನ ಅಲೆ ಎಣಿಸಿಯೇ ಗಂಟೆ ತೋರಿಸುವ ಅಮೆರಿಕದ ಗಡಿಯಾರ ಇಲ್ಲಿ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ. ಒಬ್ಬರು ಅಂಥ ಅಲಾರಂ ರೇಡಿಯೋ ತಂದು, "ಬ್ಯಾಟರಿ ಹೋಗಿದೆ ನೋಡಿ" ಅಂದರು. ಬ್ಯಾಟರಿ ಚೆನ್ನಾಗಿಯೇ ಇತ್ತು, ಅದು ನಮ್ಮ ಕರೆಂಟನ್ನು ಅಮೆರಿಕದ್ದು ಅಂದುಕೊಂಡು ಎಣಿಸುತ್ತಿತ್ತು. ಟ್ರಾನ್ಸ್‌ಫಾರ್ಮರ್ ಇರುವ ಹಳೇ ಥರದ ಮೈಕ್ರೋವೇವ್ ಕೂಡ 50 ಹರ್ಟ್ಜ್‌ನಲ್ಲಿ ಅತಿಯಾಗಿ ಕಾಯುತ್ತದೆ. ಅದನ್ನು ತರಲೇಬೇಡಿ.

ದುಬೈ, ಲಂಡನ್ ಸಾಮಾನಿನ ದಪ್ಪ ಚೌಕ ಪಿನ್ ಕತ್ತರಿಸಿ ನಮ್ಮ ಪಿನ್ ಹಾಕಿಸಬಹುದಾ?

ಹಾಕಿಸಬಹುದು, ಆದರೆ ಮೊದಲು ವೈರ್ ಸಾಮಾನಿನಿಂದ ಬಿಚ್ಚಿ ಬರುತ್ತದಾ ನೋಡಿ. ಬಂದರೆ ಕತ್ತರಿಸುವ ಕೆಲಸವೇ ಇಲ್ಲ. ಅದೇ ತುದಿಯ, ಐಎಸ್‌ಐ ಗುರುತಿನ ನಮ್ಮ ವೈರ್ ತಂದು ಹಾಕಿ. ಲೇಬಲ್ಲಿನಲ್ಲಿ 220 ಅಥವಾ 240 ಇದೆ ಅಂತ ಖಚಿತ ಮಾಡಿಕೊಂಡ ಮೇಲೆ ಮಾತ್ರ. ಕುಕ್ಕರ್ ಕಥೆ ನೆನಪಿದೆಯಲ್ಲ?

ಕತ್ತರಿಸಲೇಬೇಕಾದರೆ, ಆ ದಪ್ಪ ಪಿನ್ನಿನ ಒಳಗೊಂದು ಫ್ಯೂಸ್ ಇದೆ ಅನ್ನುವುದು ಗೊತ್ತಿರಲಿ. ಅಲ್ಲಿನ ಮನೆಗಳ ಲೈನ್ ದೊಡ್ಡದು. ತೆಳು ವೈರನ್ನು ಕಾಯುವುದಕ್ಕೇ ಆ ಫ್ಯೂಸ್ ಇಟ್ಟಿದ್ದಾರೆ. ಪಿನ್ ಕತ್ತರಿಸಿದರೆ ಆ ಕಾವಲೂ ಹೋಯಿತು. ಹಾಗಾಗಿ ಟೇಬಲ್ ಲ್ಯಾಂಪಿನಂಥ ತೆಳು ವೈರಿನ ಸಾಮಾನನ್ನು ನಮ್ಮ 16 ಆಂಪಿಯರ್ ಪವರ್ ಪ್ಲಗ್ಗಿಗೆ ಹಾಕಬೇಡಿ, 6 ಆಂಪಿಯರ್ ಪ್ಲಗ್ಗಿಗೆ ಹಾಕಿ. 2000, 3000 ವ್ಯಾಟಿನ ಕೆಟಲ್‌ಗೆ ಇದಕ್ಕೆ ತಿರುಗುಮುರುಗು. ಅದನ್ನು 6 ಆಂಪಿಯರ್ ಪಿನ್ನಿಗೆ ಹಾಕಿಸಿದರೆ ಪಿನ್ ಕರಗುತ್ತದೆ. ಸಾಕೆಟ್ಟಿನ ತೂತಿನ ಸುತ್ತ ಕಂದು ಬಣ್ಣ ಬಂದಿದ್ದರೆ ಅದು ಶುರುವಾಗಿದೆ ಅಂತಲೇ ಲೆಕ್ಕ.

ಬಣ್ಣ ಹೀಗೆ: ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು ಹಳದಿ ಪಟ್ಟೆ ಅರ್ಥ್. ಅಮೆರಿಕದ ವೈರಿನಲ್ಲಿ ಕಪ್ಪು ಫೇಸ್, ಬಿಳಿ ನ್ಯೂಟ್ರಲ್, ಹಸಿರು ಅರ್ಥ್. ನಮ್ಮ ಹಳೇ ಮನೆಗಳಲ್ಲಿ ಕಪ್ಪು ಅಂದರೆ ನ್ಯೂಟ್ರಲ್. ಅದೇ ಅಭ್ಯಾಸದಲ್ಲಿ ಅಮೆರಿಕದ ವೈರ್ ಜೋಡಿಸಿ ಅದಲುಬದಲು ಮಾಡಿದವರನ್ನು ನೋಡಿದ್ದೇನೆ.

ಸೌದಿ ಸಾಮಾನಿಗೆ ಒಂದು ಎಚ್ಚರಿಕೆ. ಅಲ್ಲಿ 60 ಹರ್ಟ್ಜ್, ಹಿಂದೆ 127 ವೋಲ್ಟೂ ಇತ್ತು. ಗಲ್ಫ್ ಅಂದಮಾತ್ರಕ್ಕೆ ಎಲ್ಲ ಒಂದೇ ಅಂದುಕೊಳ್ಳದೆ ಲೇಬಲ್ ಓದಿ.

ಮುಟ್ಟಿದರೆ ಜುಮ್ ಅನ್ನುತ್ತದೆ. ಯಾಕೆ?

ಅರ್ಥ್ ಕೈಬಿಟ್ಟಿದೆ. ಮೂರು ಪಿನ್ನಿನ ಸಾಮಾನಿಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಿರುತ್ತೀರಿ, ಇಲ್ಲವೇ ಅಡಾಪ್ಟರಿನ ಮೂರನೇ ಪಿನ್ ಬರೀ ಪ್ಲಾಸ್ಟಿಕ್ ಆಗಿರುತ್ತದೆ. ಲೋಹದ ಮೈ ಇರುವ ಯಾವುದೇ ಸಾಮಾನಿಗೆ ಅರ್ಥ್ ಒಳಗಿನವರೆಗೂ ತಲುಪಲೇಬೇಕು. ಮಲ್ಟಿಮೀಟರ್ ಇರುವವರು ಸಾಮಾನಿನ ಪಿನ್ನನ್ನು ಗೋಡೆಯಿಂದ ತೆಗೆದು, ಅದರ ಅರ್ಥ್ ಪಿನ್ ಮತ್ತು ಬಣ್ಣ ಬಳಿಯದ ಲೋಹದ ಮೈ ನಡುವೆ ನೋಡಿದರೆ "ಬೀಪ್" ಬರಬೇಕು. ಬರದಿದ್ದರೆ ಬಳಸಬೇಡಿ. ಟ್ರಾನ್ಸ್‌ಫಾರ್ಮರ್ ಹಾಕಿದವರು ಅದರ ಔಟ್‌ಪುಟ್ ಸಾಕೆಟ್ಟಿನಲ್ಲಿ ಅರ್ಥ್ ಇದೆಯಾ ಅದನ್ನೂ ನೋಡಿ. ಬಹಳ ಕಡೆ ತೂತು ಇರುತ್ತದೆ, ಹಿಂದೆ ವೈರ್ ಇರುವುದಿಲ್ಲ.

ಕರೆಂಟ್ ಹೋದಾಗ ಯುಪಿಎಸ್‌ನಲ್ಲಿ ಈ ಟ್ರಾನ್ಸ್‌ಫಾರ್ಮರ್ ಓಡಿಸಬಹುದಾ?

ಬೇಡ. ಸ್ಕ್ವೇರ್ ವೇವ್ ಯುಪಿಎಸ್ ಆದರೆ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುತ್ತಾ ಕಾಯುತ್ತದೆ.

ಬಾಕ್ಸಿನ ಮೇಲೆ ಒಂದು ವರ್ಷ ವಾರಂಟಿ ಅಂತ ಇದೆ. ಕಂಪನಿ ಇಲ್ಲೂ ಇದೆ. ಕೊಡಲ್ವಾ?

ಕಂಪನಿಯ ಹೆಸರು ಒಂದೇ ಇರಬಹುದು. ವಾರಂಟಿ ಕೊಡುವವರು ಆಯಾ ದೇಶದ ಘಟಕ ಅಥವಾ ಏಜೆಂಟ್. ವಾರಂಟಿ ಕಾರ್ಡಿನ ಸಣ್ಣ ಅಕ್ಷರದಲ್ಲಿ "ಕೊಂಡ ದೇಶದಲ್ಲಿ ಮಾತ್ರ" ಅಥವಾ "ಅಮೆರಿಕ ಮತ್ತು ಕೆನಡಾದಲ್ಲಿ ಮಾತ್ರ" ಅಂತ ಇರುವುದು ಅಡುಗೆಮನೆ ಸಾಮಾನಿನಲ್ಲಿ ಮಾಮೂಲು. ಹೇಳಿದ ವೋಲ್ಟೇಜ್ ಬಿಟ್ಟು ಬೇರೆಯದಕ್ಕೆ ಹಾಕಿದರೆ ವಾರಂಟಿ ಇಲ್ಲ ಅಂತಲೂ ಅಲ್ಲೇ ಬರೆದಿರುತ್ತದೆ. ಹಾಗಾಗಿ ಇಲ್ಲಿ ಸುಟ್ಟದ್ದನ್ನು ಅಲ್ಲಿಗೆ ಕಳಿಸಿದರೂ ಪ್ರಯೋಜನ ಕಡಿಮೆ.

ನನ್ನ ತಮ್ಮನ ಕಥೆ ಕೇಳಿ. ಸಿಂಗಪುರದಿಂದ ವೈರ್ ಇಲ್ಲದ ವ್ಯಾಕ್ಯೂಮ್ ಕ್ಲೀನರ್ ತಂದ. ಕರೆಂಟಿನ ತಾಪತ್ರಯ ಏನೂ ಇರಲಿಲ್ಲ, ಅಲ್ಲೂ 230 ವೋಲ್ಟ್. ಏಳು ತಿಂಗಳಿಗೆ ಬ್ಯಾಟರಿ ಸೋತಿತು. ಬಿಲ್ ಇತ್ತು, ವಾರಂಟಿ ಇತ್ತು. ಇಲ್ಲಿನ ಸರ್ವಿಸ್ ಸೆಂಟರಿನವರು ಸೀರಿಯಲ್ ನಂಬರ್ ಹಾಕಿ ನೋಡಿ, "ಸಾರ್, ಈ ಮಾಡೆಲ್ ನಮ್ಮಲ್ಲಿ ಮಾರಿಲ್ಲ" ಅಂದರು. ಜಗಳ ಆಡಿ ಪ್ರಯೋಜನ ಇರಲಿಲ್ಲ, ಯಾಕೆಂದರೆ ಕಾರ್ಡಿನಲ್ಲಿ ಅವರು ಹೇಳಿದ್ದೇ ಇತ್ತು. ಕೊನೆಗೆ ದುಡ್ಡು ಕೊಟ್ಟು ರಿಪೇರಿ ಮಾಡುತ್ತೀರಾ ಅಂತ ಕೇಳಿದ. ಇಲ್ಲಿ ಮಾರುವ ಇನ್ನೊಂದು ಮಾಡೆಲ್ಲಿನ ಬ್ಯಾಟರಿಯೇ ಅದಕ್ಕೂ ಹೊಂದಿತು. ವಾರಂಟಿ ಸಿಗದಿದ್ದರೆ ಈ ಎರಡನೇ ಪ್ರಶ್ನೆ ಕೇಳದೆ ವಾಪಸ್ ಬರಬೇಡಿ.

ಕೊಳ್ಳುವ ಮುಂಚೆ ಮಾಡಬಹುದಾದದ್ದು ಇಷ್ಟು. ಪೂರ್ತಿ ಮಾಡೆಲ್ ನಂಬರನ್ನು, ಕೊನೆಯ ಅಕ್ಷರಗಳ ಸಮೇತ, ಕಂಪನಿಯ ಇಂಡಿಯಾ ವೆಬ್‌ಸೈಟಿನಲ್ಲಿ ಹುಡುಕಿ. ಒಂದೇ ಸಾಮಾನಿನ 120 ಮತ್ತು 230 ವೋಲ್ಟಿನ ರೂಪಗಳಿಗೆ ಬಹಳ ಸಲ ಕೊನೆಯ ಎರಡು ಅಕ್ಷರದಲ್ಲಷ್ಟೇ ವ್ಯತ್ಯಾಸ. ಬೇರೆ ದೇಶದಲ್ಲೂ ವಾರಂಟಿ ಉಂಟು ಅಂತ ಅಂಗಡಿಯವನು ಬಾಯಲ್ಲಿ ಹೇಳಿದರೆ ಲೆಕ್ಕಕ್ಕಿಲ್ಲ. ಕಾರ್ಡಿನಲ್ಲಿ ಇರಬೇಕು, ಇಲ್ಲವೇ ಕಂಪನಿಯಿಂದ ಇಮೇಲ್ ಬರಬೇಕು.

ನಾನು ಫಾರಿನ್‌ಗೆ ಹೋಗೇ ಇಲ್ಲ. ಇಲ್ಲಿನ ಆನ್‌ಲೈನ್ ಅಂಗಡಿಯಲ್ಲೇ ಕೊಂಡೆ. 110 ವೋಲ್ಟಿನದು ಬಂತು!

ಇದರಲ್ಲಿ ನಿಮ್ಮ ಕೈ ಮೇಲೆ. ಪಿನ್ ಹಾಕಬೇಡಿ, ಬಾಕ್ಸ್ ಎಸೆಯಬೇಡಿ. ಲೇಬಲ್, ಪಿನ್, ಬಾಕ್ಸಿನ ಎಲ್ಲ ಬದಿಗಳ ಫೋಟೋ ತೆಗೆಯಿರಿ. ಮಾರಾಟದ ಪುಟದ ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಡಿ, ನಾಳೆ ಆ ಪುಟ ಬದಲಾಗಿರಬಹುದು. ವಾಪಸ್ ಕೊಡುವ ಗಡುವಿನ ಒಳಗೆ "ಇಲ್ಲಿನ ಕರೆಂಟಿಗೆ ಆಗದ ಸಾಮಾನು ಕಳಿಸಿದ್ದೀರಿ" ಅಂತ ಬರೆಯಿರಿ. "ಇಷ್ಟ ಆಗಲಿಲ್ಲ" ಅನ್ನುವ ಆಯ್ಕೆ ಒತ್ತಿದರೆ ಕೇಸ್ ಅಲ್ಲೇ ಅರ್ಧ ಸತ್ತಿತು.

ಬಾಕ್ಸಿನ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ ಇರುವ ಸ್ಟಿಕ್ಕರ್ ಹುಡುಕಿ. ಪ್ಯಾಕ್ ಮಾಡಿದ ಆಮದು ಸಾಮಾನಿನ ಮೇಲೆ ಇವು ಇರಲೇಬೇಕು ಅಂತ 2011ರ ಲೀಗಲ್ ಮೆಟ್ರಾಲಜಿ ನಿಯಮ ಹೇಳುತ್ತದೆ. ಆ ಸ್ಟಿಕ್ಕರ್ ಇದ್ದರೆ ವಾರಂಟಿಗೆ ಯಾರನ್ನು ಹಿಡಿಯಬೇಕು ಅಂತ ಗೊತ್ತಾಯಿತು. ಇಲ್ಲದಿದ್ದರೆ ಯಾರೋ ಸೂಟ್‌ಕೇಸಿನಲ್ಲಿ ತಂದು ಮಾರಿದ್ದು ಅಂತ ಅನುಮಾನ ಪಡಿ. "ಸೆಲ್ಲರ್ ವಾರಂಟಿ" ಅಂತ ಬರೆದಿದ್ದರೂ ಅಷ್ಟೇ, ಅದು ಕಂಪನಿಯದಲ್ಲ. ಆ ಅಂಗಡಿ ಮುಚ್ಚುವವರೆಗೆ ಮಾತ್ರ ಅದಕ್ಕೆ ಬೆಲೆ.

ಮಾರಿದವರು ಕೈ ತೊಳೆದುಕೊಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಊರಿನಲ್ಲೇ ದೂರು ಕೊಡಬಹುದು. ಮಾರಿದವರು ದೆಹಲಿಯಲ್ಲಿದ್ದರೆ ದೆಹಲಿಗೆ ಓಡಬೇಕಿಲ್ಲ. ಅಮೆರಿಕದ ಅಂಗಡಿಯಲ್ಲಿ ಮಗ ಕೊಂಡದ್ದಕ್ಕೆ ಈ ದಾರಿಯನ್ನು ನೆಚ್ಚಿಕೊಳ್ಳಬೇಡಿ.

ಮಗಳು ಅಮೆರಿಕಕ್ಕೆ ಹೋಗುತ್ತಿದ್ದಾಳೆ. ಇಲ್ಲಿಂದ ಮಿಕ್ಸಿ ಕೊಟ್ಟು ಕಳಿಸಲಾ?

ನಮ್ಮ 230 ವೋಲ್ಟಿನ ಮಿಕ್ಸಿ ಅಲ್ಲಿ ಸುಡುವುದಿಲ್ಲ, ಆದರೆ ಗೊಣಗುತ್ತದೆ. ಅರ್ಧ ವೋಲ್ಟೇಜಿಗೆ ಬ್ಲೇಡ್ ನಿಧಾನವಾಗಿ ತಿರುಗಿ, ಕಾಯಿತುರಿ ಹಾಕಿದ ಕೂಡಲೇ ನಿಲ್ಲುತ್ತದೆ. ನಿಂತ ಮೇಲೂ ಗುಂಡಿ ಒತ್ತಿ ಹಿಡಿದರೆ ಆಗ ಮೋಟಾರ್ ಕಾಯುತ್ತದೆ. ಅಲ್ಲಿ ಸ್ಟೆಪ್ ಅಪ್ ಟ್ರಾನ್ಸ್‌ಫಾರ್ಮರ್ ಇಟ್ಟರೆ ಓಡುತ್ತದೆ. 750 ವ್ಯಾಟ್ ಮಿಕ್ಸಿಗೆ ಮೂರು ಪಟ್ಟಿನ ಲೆಕ್ಕದಲ್ಲಿ 2250 ವಿಎ ಬೇಕು, ಅದನ್ನು ಇಡುವುದಕ್ಕೇ ಅಪಾರ್ಟ್‌ಮೆಂಟಿನ ಅಡುಗೆಕಟ್ಟೆಯಲ್ಲಿ ಜಾಗ ಇರುವುದಿಲ್ಲ.

ಚಟ್ನಿ, ಇಡ್ಲಿ ಹಿಟ್ಟಿಗೆ ಆಗುವ 110 ವೋಲ್ಟಿನ ಇಂಡಿಯನ್ ಮಿಕ್ಸಿಗಳು ಅಲ್ಲೇ ಸಿಗುತ್ತವೆ. ಅಲ್ಲಿನ ಪಿನ್, ಅಲ್ಲಿನ ವಾರಂಟಿ ಜೊತೆಗೇ ಬರುತ್ತದೆ. ಇಲ್ಲಿಂದ ಏನಾದರೂ ಕಳಿಸಲೇಬೇಕು ಅನ್ನಿಸಿದರೆ ಆ ಮಿಕ್ಸಿ ಕಂಪನಿಯ ಜಾರ್ ಮಾತ್ರ ಕಳಿಸಿ. ಬ್ಲೇಡಿನ ಕೆಳಗಿನ ಕಪ್ಲರ್ ಅಲ್ಲಿನ ಮಾಡೆಲ್ಲಿಗೆ ಹೊಂದುತ್ತದಾ ಅಂತ ಫೋಟೋ ತರಿಸಿ ನೋಡಿಕೊಂಡು ಕೊಳ್ಳಿ. ಜಾರ್‌ಗೆ ಕರೆಂಟ್ ಬೇಡವಲ್ಲ!